ರಜಿಸ್ಟ್ರಿ ದಿನ ಮುಂದೂಡಲು ಮಾರಾಟಗಾರರಿಗೆ ಪತ್ರ: ಕಾರಣ, ವಿಳಂಬ ಬಡ್ಡಿ, ಒಪ್ಪಿಗೆ ಸಹಿ

ಗಡುವಿಗೆ ಮುಂಚೆಯೇ ಪತ್ರ ಕೊಟ್ಟು, ಮಾರಾಟಗಾರರ ಸಹಿಯನ್ನೂ ಪಡೆದು, ಆಮೇಲೆ ಮುಂಗಡಕ್ಕಾಗಿ ಜಗಳಕ್ಕೆ ಬೀಳುವವರು ಬಹಳ. ಅವರ ಪತ್ರ ಬಿಡಿಸಿ ನೋಡಿದರೆ ತಪ್ಪು ಹೆಚ್ಚುಕಡಿಮೆ ಒಂದೇ ಕಡೆ ಇರುತ್ತದೆ. ಕೆಳಗಿನ ಸಹಿಯ ಮೇಲೆ "ಸ್ವೀಕರಿಸಿದೆ" ಎಂದಿರುತ್ತದೆ, "ಒಪ್ಪಿದೆ" ಎಂದಿರುವುದಿಲ್ಲ. ಪತ್ರ ಕೈಗೆ ಬಂದಿದೆ ಎಂದಷ್ಟೇ ಅದರ ಅರ್ಥ. ಗಡುವು ಮಾತ್ರ ಹಳೆಯದೇ ಉಳಿದಿರುತ್ತದೆ.

ಭಾರತೀಯ ಕರಾರು ಕಾಯ್ದೆಯ 63ನೇ ಕಲಮಿನ ಪ್ರಕಾರ ಸಮಯ ವಿಸ್ತರಿಸುವ ಅಧಿಕಾರ ಇರುವುದು ಯಾರಿಗೆ ಮಾತು ಕೊಟ್ಟಿದ್ದೇವೋ ಅವರಿಗೆ. ಬಾಕಿ ಹಣ ಕೊಟ್ಟು ರಜಿಸ್ಟ್ರಿ ಮಾಡಿಸಿಕೊಳ್ಳುತ್ತೇನೆಂದು ಕೊಳ್ಳುವವರು ಮಾತು ಕೊಟ್ಟಿರುವುದು ಮಾರಾಟಗಾರರಿಗೆ. ಹಾಗಾಗಿ ಈ ಕಾಗದದಲ್ಲಿ ಎರಡು ಭಾಗ ಬೇಕು: ಮೇಲೆ ನಿಮ್ಮ ವಿನಂತಿ, ಕೆಳಗೆ ಅವರ ಒಪ್ಪಿಗೆ. ಬಹಳ ಮಂದಿ ಮೇಲಿನ ಭಾಗವನ್ನೇ ತಿದ್ದಿ ತೀಡಿ ಬರೆದು, ಕೆಳಗಿನದನ್ನು ಮರೆತುಬಿಡುತ್ತಾರೆ.

ಮುಂದಿನ ಹಂತಗಳನ್ನು ಒಂದೇ ಉದಾಹರಣೆಯ ಮೇಲೆ ನೋಡೋಣ. ಕಲಬುರಗಿಯ ಸೇಡಂ ರಸ್ತೆ ಕಡೆ 30×40ರ ಒಂದು ಪ್ಲಾಟು, ಬೆಲೆ 24 ಲಕ್ಷ. ಬಯಾನಾ 4 ಲಕ್ಷ ಕೊಟ್ಟಾಗಿದೆ, ಬಾಕಿ 20 ಲಕ್ಷ. ಅದರಲ್ಲಿ 15 ಲಕ್ಷ ಬ್ಯಾಂಕ್ ಸಾಲ, 5 ಲಕ್ಷ ಕೈಯಲ್ಲಿದೆ. ಕರಾರಿನ ಪ್ರಕಾರ ರಜಿಸ್ಟ್ರಿಗೆ ಕೊನೆಯ ದಿನ 10 ಫೆಬ್ರವರಿ 2026. ತಡವಾದರೆ ಬಾಕಿಗೆ ವಾರ್ಷಿಕ ಶೇ 12 ಬಡ್ಡಿ, ಕೊಳ್ಳುವವರು ಹಿಂದೆ ಸರಿದರೆ ಬಯಾನಾ ಮುಟ್ಟುಗೋಲು ಎಂಬ ಎರಡು ಷರತ್ತುಗಳಿವೆ. ಸಾಲ ಮಂಜೂರಾಗಿದೆ. ಆದರೆ ಬ್ಯಾಂಕಿನ ವಕೀಲರು ಕಾಗದ ನೋಡಿ, ಮಾಲೀಕರ ಹೆಸರು ಇ-ಖಾತಾದಲ್ಲಿ "ಶರಣಬಸಪ್ಪ", ಆಧಾರಿನಲ್ಲಿ "ಶರಣಪ್ಪ" ಇದೆ, ಸರಿಮಾಡಿಸಿ ತನ್ನಿ ಎಂದಿದ್ದಾರೆ. ನಮ್ಮ ಭಾಗದಲ್ಲಿ ತೀರಾ ಸಾಮಾನ್ಯವಾದ ತೊಡಕು ಇದು.

## ಹಂತ 1: ಬರೆಯುವ ಮುಂಚೆ ಕರಾರಿನ ನಾಲ್ಕು ಜಾಗ ಓದಿ

ಮೊದಲನೆಯದು ಗಡುವಿನ ಸಾಲು. "ಮೂರು ತಿಂಗಳೊಳಗೆ" ಎಂದಿದ್ದರೆ ಕರಾರಿನ ದಿನದಿಂದ ಎಣಿಸಿ ಖಚಿತ ತಾರೀಖು ಬರೆದಿಟ್ಟುಕೊಳ್ಳಿ. ಎರಡನೆಯದು, "ಸಮಯವೇ ಕರಾರಿನ ಸಾರ" ಎಂಬ ಮಾತು ಇದೆಯೇ ನೋಡಿ. ಸ್ಥಿರಾಸ್ತಿ ಮಾರಾಟದಲ್ಲಿ ಸಮಯವೇ ಮುಖ್ಯ ಎಂದು ಕೋರ್ಟುಗಳು ತಾವಾಗಿ ಊಹಿಸಿಕೊಳ್ಳುವುದಿಲ್ಲ. ಆದರೆ ಕರಾರಿನ ಮಾತು ಮತ್ತು ಎರಡೂ ಕಡೆಯವರ ನಡವಳಿಕೆ ಅದನ್ನೇ ತೋರಿಸಿದರೆ ಗಡುವು ಗಟ್ಟಿಯಾಗುತ್ತದೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಬೆಂಗಳೂರಿನ ಒಂದು ಪ್ರಕರಣದಲ್ಲಿ ಕೊಳ್ಳುವವರು ವಾಪಸು ಕೇಳಿದ್ದ 20 ಲಕ್ಷ ಮುಂಗಡ ಅವರಿಗೆ ಸಿಗಲಿಲ್ಲ.

ಮೂರನೆಯದು ದಂಡದ ಷರತ್ತು. ಬಡ್ಡಿಯೋ, ದಿನಕ್ಕಿಷ್ಟು ಎಂಬ ಮೊತ್ತವೋ, ನೇರ ಮುಟ್ಟುಗೋಲೋ ನೋಡಿಕೊಳ್ಳಿ. ನಾಲ್ಕನೆಯದು, ಯಾರ್ಯಾರು ಸಹಿ ಹಾಕಿದ್ದಾರೆ ಎಂಬುದು. ಅಣ್ಣ, ತಮ್ಮ, ತಂಗಿ ಮೂವರೂ ಮಾರಾಟಗಾರರಾಗಿದ್ದರೆ ಒಪ್ಪಿಗೆಗೂ ಮೂವರ ಸಹಿ ಬೇಕು. ಹಿರಿಯಣ್ಣ ಒಪ್ಪಿದ ಮಾತ್ರಕ್ಕೆ ತಂಗಿ ಒಪ್ಪಿದಂತಲ್ಲ. ಮುಖ್ತಿಯಾರರು ಸಹಿ ಮಾಡುವುದಾದರೆ ಅವರ ಮುಖ್ತಿಯಾರ ಪತ್ರದಲ್ಲಿ ಕರಾರು ತಿದ್ದುವ, ಗಡುವು ವಿಸ್ತರಿಸುವ ಅಧಿಕಾರ ಇದೆಯೇ ಓದಿ ನೋಡಿ.

ನಿಮ್ಮ ಕರಾರು ಸಬ್ ರಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗಿದ್ದರೆ ಬರೀ ಪತ್ರ ಸಾಲದು. ನೋಂದಾಯಿತ ಕರಾರನ್ನು ಆಮೇಲೆ ಬಾಯಿಮಾತಿನಲ್ಲಿ ಬದಲಿಸಿದೆವು ಎಂದು ಸಾಬೀತು ಮಾಡಲು ಸಾಕ್ಷ್ಯ ಕಾನೂನು ಬಿಡುವುದಿಲ್ಲ. ಪತ್ರದ ಜೊತೆಗೆ ಒಂದು ಪೂರಕ ಕರಾರನ್ನೂ ನೋಂದಣಿ ಮಾಡಿಸುವುದೇ ಕ್ಷೇಮ.

## ಹಂತ 2: ಕಾರಣಕ್ಕೆ ಕಾಗದ ಸೇರಿಸಿ

ಕಾರಣ ಒಂದೇ ಇರಲಿ, ಅದಕ್ಕೊಂದು ಕಾಗದ ಇರಲಿ. "ಮನೆಯಲ್ಲಿ ತೊಂದರೆ, ಬ್ಯಾಂಕಿನವರು ಸತಾಯಿಸುತ್ತಿದ್ದಾರೆ, ತೊಗರಿ ದುಡ್ಡು ಇನ್ನೂ ಬಂದಿಲ್ಲ" ಎಂದು ಮೂರು ಕಾರಣ ಒಟ್ಟಿಗೆ ಬರೆದರೆ ಇವರ ಹತ್ತಿರ ದುಡ್ಡಿಲ್ಲ ಎಂಬ ಒಂದೇ ಅರ್ಥ ಹೊರಡುತ್ತದೆ. ಅದು ಅನುಮಾನಕ್ಕಿಂತ ದೊಡ್ಡ ತೊಂದರೆ. ಮುಂದೆ ವ್ಯಾಜ್ಯವಾಗಿ, ಪ್ಲಾಟನ್ನು ನಮಗೇ ಬರೆದುಕೊಡಿಸಿ ಎಂದು ಕೋರ್ಟಿನಲ್ಲಿ ಕೇಳಬೇಕಾದರೆ, ಮೊದಲಿನಿಂದಲೂ ಹಣದೊಂದಿಗೆ ಸಿದ್ಧರಿದ್ದೆವು, ಮನಸ್ಸೂ ಇತ್ತು ಎಂದು ನಿರ್ದಿಷ್ಟ ಪರಿಹಾರ ಕಾಯ್ದೆಯ 16(ಸಿ) ಕಲಮಿನ ಪ್ರಕಾರ ತೋರಿಸಬೇಕು. "ಹಣ ಹೊಂದಿಸಲು ಆಗಿಲ್ಲ" ಎಂದು ನೀವೇ ಬರೆದುಕೊಟ್ಟ ಸಾಲನ್ನು ಆಗ ಎದುರಿನ ವಕೀಲರು ಓದಿ ಹೇಳುತ್ತಾರೆ.

ತೊಗರಿ ದುಡ್ಡೇ ನಿಜವಾದ ಕಾರಣವಾಗಿದ್ದರೆ ಅದನ್ನೇ ಬರೆಯಿರಿ. ಆದರೆ ಎಪಿಎಂಸಿಯ ಮಾರಾಟ ಪಟ್ಟಿ ಸೇರಿಸಿ, ಹಣ ಯಾವ ದಿನ ಖಾತೆಗೆ ಬರುತ್ತದೆ ಎಂದು ಹೇಳಿ. ಮಾಲು ಮಾರಿದ ಹಣ ಬರುವುದಿದೆ ಎನ್ನುವುದೂ ಹಣವೇ ಇಲ್ಲ ಎನ್ನುವುದೂ ಬೇರೆಬೇರೆ.

ನಮ್ಮ ಉದಾಹರಣೆಗೆ ಬೇಕಾದವು ನಾಲ್ಕು ಪ್ರತಿಗಳು: ಬ್ಯಾಂಕಿನ ಮಂಜೂರಾತಿ ಪತ್ರ, ಹೆಸರು ಸರಿಪಡಿಸಿ ಎಂದು ಬ್ಯಾಂಕು ಕೇಳಿದ ಪತ್ರ ಅಥವಾ ಇಮೇಲ್, ಮಹಾನಗರ ಪಾಲಿಕೆಗೆ ಮಾಲೀಕರು ಕೊಟ್ಟ ತಿದ್ದುಪಡಿ ಅರ್ಜಿಯ ಸ್ವೀಕೃತಿ, ಮತ್ತು ಸ್ವಂತ 5 ಲಕ್ಷ ತೋರಿಸುವ ಖಾತೆ ವಿವರ. ಖಾತೆ ವಿವರದಲ್ಲಿ ಬೇರೆ ವ್ಯವಹಾರಗಳನ್ನು ಮುಚ್ಚಿ, ಶಿಲ್ಕು ಮಾತ್ರ ಕಾಣಿಸಿದರೆ ಸಾಕು.

ಇಲ್ಲಿ ತಡ ಆಗಿರುವುದು ಮಾಲೀಕರ ಹೆಸರಿನ ವ್ಯತ್ಯಾಸದಿಂದ. ಆದರೂ "ನಿಮ್ಮಿಂದ ತಡವಾಯಿತು" ಎಂದು ಬರೆಯಬೇಡಿ, ಸಹಿ ಸಿಗುವುದಿಲ್ಲ. ಹಾಗೆಂದು "ನನ್ನ ತಪ್ಪಿನಿಂದ ತಡವಾಗಿದೆ, ಕ್ಷಮಿಸಿ" ಎಂದೂ ಬರೆಯಬೇಡಿ. ತಾರೀಖುಗಳನ್ನು ಮಾತ್ರ ಸಾಲಾಗಿ ಇಡಿ. ಯಾರಿಂದ ತಡವಾಯಿತು ಎಂಬುದು ತಾರೀಖಿನಲ್ಲೇ ಕಾಣುತ್ತದೆ.

## ಹಂತ 3: ಹೊಸ ತಾರೀಖನ್ನು ಹಿಂದಿನಿಂದ ಲೆಕ್ಕ ಹಾಕಿ

"ಇನ್ನೊಂದು ತಿಂಗಳು", "ಖಾತಾ ಆದ ಮೇಲೆ" ಎಂದು ಬರೆದರೆ ಅದು ಗಡುವಲ್ಲ. ದಿನ, ತಿಂಗಳು, ವರ್ಷ ಮೂರೂ ಬೇಕು. ಕರಾರು ಜಾರಿಗೆ ದಾವೆ ಹೂಡುವ 3 ವರ್ಷದ ಅವಧಿಯೂ ಕರಾರಿನಲ್ಲಿ ನಿಗದಿಯಾದ ದಿನದಿಂದಲೇ ಎಣಿಕೆಯಾಗುತ್ತದೆ. ತಾರೀಖು ಮಸುಕಾದರೆ ಆ ಎಣಿಕೆಯೂ ಮಸುಕಾಗುತ್ತದೆ.

ಖಾತಾ ತಿದ್ದುಪಡಿಗೆ ಸುಮಾರು 15 ದಿನ ಹಿಡಿಯಿರಿ. ಬ್ಯಾಂಕಿನ ವಕೀಲರ ಮರುಪರಿಶೀಲನೆ ಮತ್ತು ಡಿಡಿಗೆ ಒಂದು ವಾರ. ನೋಂದಣಿ ಇಲಾಖೆಯ ಆನ್‌ಲೈನ್ ತಾಣವಾದ ಕಾವೇರಿ 2.0ರಲ್ಲಿ ಮೊದಲು ಕಾಗದ ಏರಿಸಬೇಕು, ಸಬ್ ರಜಿಸ್ಟ್ರಾರ್ ನೋಡಿ ಒಪ್ಪಬೇಕು, ಆಮೇಲೆ ಶುಲ್ಕ ಕಟ್ಟಬೇಕು, ಅದಾದ ಮೇಲೇ ಸ್ಲಾಟ್. ಈ ಕೆಲಸವನ್ನು ಬ್ಯಾಂಕಿನ ಕೆಲಸದ ಜೊತೆಗೇ ಶುರುಮಾಡಬಹುದು. ಕೊನೆಗೆ ಮೂರ್ನಾಲ್ಕು ಕೆಲಸದ ದಿನ ಕೈಯಲ್ಲಿರಲಿ. ಜನವರಿ 27ಕ್ಕೆ ಅರ್ಜಿ ಬಿದ್ದಿದ್ದರೆ ಎಲ್ಲ ಸೇರಿ ಫೆಬ್ರವರಿ ಕೊನೆಗೆ ಬಂದು ನಿಲ್ಲುತ್ತದೆ. ಮಾರ್ಚ್ ಮೊದಲ ವಾರದಲ್ಲಿ ಹೋಳಿ, ಅದರ ಬೆನ್ನಿಗೇ ಶರಣಬಸವೇಶ್ವರ ಜಾತ್ರೆ. ಹಾಗಾಗಿ 6 ಮಾರ್ಚ್ 2026, ಶುಕ್ರವಾರ ಎಂದು ಕೇಳಿ. ಒಂದು ಸಲ ಸರಿಯಾಗಿ ಕೇಳುವುದು ಒಳ್ಳೆಯದು. ಎರಡನೇ ಸಲ ಕೇಳಲು ಹೋದರೆ ಎದುರಿಗೆ ಕೂತವರ ಮುಖವೇ ಬೇರೆಯಾಗಿರುತ್ತದೆ.

ತಡಕ್ಕೆ ಇನ್ನೊಂದು ಖರ್ಚೂ ಅಂಟಿಕೊಳ್ಳಬಹುದು. ರಾಜ್ಯದಲ್ಲಿ ನೋಂದಣಿ ಶುಲ್ಕ 31 ಆಗಸ್ಟ್ 2025ರಿಂದ ಶೇ 1ರಿಂದ ಶೇ 2ಕ್ಕೆ ಏರಿತು. ಆ ದಿನದ ಹಿಂದೆ ಆಗಬೇಕಿದ್ದ 24 ಲಕ್ಷದ ರಜಿಸ್ಟ್ರಿ ಮುಂದಕ್ಕೆ ಹೋಗಿದ್ದರೆ 24,000 ರೂಪಾಯಿ ಹೆಚ್ಚು ಬೀಳುತ್ತಿತ್ತು. ವಿಸ್ತರಣೆಯ ಅವಧಿಯಲ್ಲಿ ಶುಲ್ಕ ಏರಿದರೆ ಯಾರು ಕೊಡಬೇಕು ಎಂದು ಪತ್ರದಲ್ಲೇ ಒಂದು ಸಾಲು ಬರೆಯಿರಿ. ಸಮಯ ಕೇಳಿದವರೇ ಹೊರುವುದು ರೂಢಿ.

## ಹಂತ 4: ದಂಡದ ಸಾಲು

ಅತಿ ಹೆಚ್ಚು ಕೆಡುವುದು ಇಲ್ಲಿಯೇ. "ತಡವಾದದ್ದಕ್ಕೆ ದಂಡ ಕೊಡಲು ಒಪ್ಪುತ್ತೇನೆ" ಎಂದು ಬರೆದರೆ ಎಷ್ಟು, ಯಾವುದರ ಮೇಲೆ, ಯಾವ ದಿನದಿಂದ ಎಂಬುದೆಲ್ಲ ಎದುರಿನವರ ಕೈಗೆ ಹೋಗುತ್ತದೆ. ದರ, ಅಸಲು, ಎಣಿಕೆ ಶುರುವಾಗುವ ದಿನ, ಮೇಲ್ಮಿತಿ ಈ ನಾಲ್ಕೂ ಬರೆಯಲೇಬೇಕು.

ಲೆಕ್ಕ ಹೀಗೆ: 20,00,000ಕ್ಕೆ ವರ್ಷಕ್ಕೆ ಶೇ 12 ಎಂದರೆ 2,40,000. ಅದನ್ನು 365ರಿಂದ ಭಾಗಿಸಿದರೆ ದಿನಕ್ಕೆ 657 ರೂಪಾಯಿ 53 ಪೈಸೆ. ಫೆಬ್ರವರಿ 11ರಿಂದ ಮಾರ್ಚ್ 6ರವರೆಗೆ 24 ದಿನ. ಒಟ್ಟು 15,781 ರೂಪಾಯಿ. ಅಸಲು ಯಾವುದೆಂದು ಬರೆಯದೆ, ಮಾರಾಟಗಾರರು ಪೂರ್ತಿ 24 ಲಕ್ಷದ ಮೇಲೆ ಹಿಡಿದರೆ ಅದೇ ದರಕ್ಕೆ 18,937 ಆಗುತ್ತದೆ. ಕೊಟ್ಟಾಗಿರುವ 4 ಲಕ್ಷಕ್ಕೂ ಬಡ್ಡಿ ಕಟ್ಟಿದ ಹಾಗೆ.

ದರದ ಮಾತಿನಲ್ಲೂ ಎಚ್ಚರ ಬೇಕು. "ನೂರಕ್ಕ ಎರಡು" ಎಂದು ಬಾಯಲ್ಲಿ ಬರುತ್ತದೆ. ಅದು ತಿಂಗಳ ಲೆಕ್ಕ, ವರ್ಷಕ್ಕೆ ಶೇ 24 ಆಯಿತು. ಪತ್ರದಲ್ಲಿ "ಶೇ 2" ಎಂದಷ್ಟೇ ಬರೆದರೆ ತಿಂಗಳಿಗೋ ವರ್ಷಕ್ಕೋ ಎಂಬ ತಕರಾರು ಖಂಡಿತ. "ವಾರ್ಷಿಕ" ಎಂಬ ಪದ ಸೇರಿಸಿ, ದಿನದ ರೂಪಾಯಿಯನ್ನೂ ಬರೆಯಿರಿ.

ಇನ್ನೊಂದು ಸಾಲು ಬಡ್ಡಿಗಿಂತ ಮುಖ್ಯ: ವಿಸ್ತರಿಸಿದ ಅವಧಿಯೊಳಗೆ ಈ ತಡವನ್ನೇ ಕಾರಣ ಮಾಡಿ ಬಯಾನಾ ಮುಟ್ಟುಗೋಲು ಹಾಕುವಂತಿಲ್ಲ, ಕರಾರು ರದ್ದು ಮಾಡುವಂತಿಲ್ಲ. ಇದಿಲ್ಲದಿದ್ದರೆ ಬಡ್ಡಿಯೂ ಹೋಗಿ ಬಯಾನಾವೂ ಹೋಗುವ ಅಪಾಯ ಇರುತ್ತದೆ. ಮಾರ್ಚ್ 6 ದಾಟಿದರೆ ಮೂಲ ಕರಾರಿನ ಷರತ್ತೇ ಅನ್ವಯ ಎಂದು ನೀವೇ ಬರೆಯಿರಿ. ಅದು ಹೇಗೂ ಅನ್ವಯವಾಗುತ್ತದೆ, ಬರೆದರೆ ಮಾರಾಟಗಾರರಿಗೆ ಧೈರ್ಯ.

ಭಾರೀ ದಂಡ ಬರೆದುಕೊಟ್ಟರೂ ಕೋರ್ಟು ತಗ್ಗಿಸುತ್ತದೆ ಎಂದು ಕೆಲವರು ಹೇಳುತ್ತಾರೆ. ಕರಾರು ಕಾಯ್ದೆಯ 74ನೇ ಕಲಮಿನಲ್ಲಿ ಬರೆದ ಮೊತ್ತ ಮೇಲ್ಮಿತಿ ಮಾತ್ರ, ಅದರೊಳಗೆ ನ್ಯಾಯವಾದ ಪರಿಹಾರ ಎಂದಿರುವುದು ನಿಜ. ಆದರೆ ಆ ನ್ಯಾಯ ಸಿಗಲು ವರ್ಷಗಟ್ಟಲೆ ಕೋರ್ಟಿಗೆ ಅಲೆಯಬೇಕು. ಸಹಿ ಮಾಡುವ ಮುಂಚೆಯೇ ತಗ್ಗಿಸಿಕೊಳ್ಳುವುದು ಅಗ್ಗ.

ಮಾರಾಟಗಾರರು ಒಲ್ಲೆನೆಂದು ಕೂತರೆ ದರ ಏರಿಸುವ ಬದಲು ಬಾಕಿಯಲ್ಲಿ 50,000 ಈಗಲೇ ಕೊಡುತ್ತೇನೆನ್ನಿ. ಅದು ಬೆಲೆಗೇ ಜಮಾ ಆಗುತ್ತದೆ, ಬಡ್ಡಿಯ ಅಸಲೂ 19,50,000ಕ್ಕೆ ಇಳಿಯುತ್ತದೆ. ಕೊಡುವುದು ಖಾತೆಯಿಂದ ಖಾತೆಗೆ. ಸ್ಥಿರಾಸ್ತಿ ಮುಂಗಡವನ್ನು 20,000 ಅಥವಾ ಅದಕ್ಕಿಂತ ಹೆಚ್ಚು ನಗದಿನಲ್ಲಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸುತ್ತದೆ.

## ಹಂತ 5: ಪತ್ರದ ಮಾದರಿ

ಒಂದೇ ಹಾಳೆಯಲ್ಲಿ ಮುಗಿಯಲಿ, ಹಿಂದಿನ ಪುಟಕ್ಕೆ ಹೋದರೂ ಚಿಂತೆಯಿಲ್ಲ. ಒಪ್ಪಿಗೆಯ ಭಾಗ ಬೇರೆ ಹಾಳೆಗೆ ಮಾತ್ರ ಹೋಗಬಾರದು. ಎರಡು ಪ್ರತಿ ಮಾಡಿ, ಎರಡರಲ್ಲೂ ಅಸಲು ಸಹಿ ಬೇಕು.

> ಕಲಬುರಗಿ, ದಿನಾಂಕ: 28 ಜನವರಿ 2026
>
> ಇಂದ: …… (ಕೊಳ್ಳುವವರ ಹೆಸರು, ವಿಳಾಸ)
> ಗೆ: ಶ್ರೀ …… (ಮಾರಾಟಗಾರರ ಹೆಸರು, ವಿಳಾಸ)
>
> ವಿಷಯ: ದಿನಾಂಕ 10-11-2025ರ ಕ್ರಯ ಕರಾರಿನ ಪ್ರಕಾರ ಪ್ಲಾಟ್ ನಂ. ……ರ ನೋಂದಣಿ ದಿನವನ್ನು 10-02-2026ರಿಂದ 06-03-2026ರವರೆಗೆ ವಿಸ್ತರಿಸಲು ವಿನಂತಿ.
>
> ಮಾನ್ಯರೇ,
>
> 1. ಮೇಲಿನ ಕರಾರಿನಂತೆ ಒಟ್ಟು ಬೆಲೆ ₹24,00,000ರಲ್ಲಿ ₹4,00,000 ಮುಂಗಡ ತಮಗೆ ಸಂದಿದೆ. ಬಾಕಿ ₹20,00,000.
>
> 2. ಬಾಕಿ ಪಾವತಿಗೆ ನಾನು ಸಿದ್ಧನಿದ್ದೇನೆ. ₹15,00,000 ಬ್ಯಾಂಕ್ ಸಾಲ 19-01-2026ರಂದು ಮಂಜೂರಾಗಿದೆ. ₹5,00,000 ನನ್ನ ಖಾತೆಯಲ್ಲಿದೆ. ಪ್ರತಿಗಳನ್ನು ಲಗತ್ತಿಸಿದ್ದೇನೆ.
>
> 3. ಇ-ಖಾತಾ ಮತ್ತು ಆಧಾರಿನಲ್ಲಿ ಮಾಲೀಕರ ಹೆಸರು ಒಂದೇ ರೀತಿ ಇರಬೇಕೆಂದು ಬ್ಯಾಂಕು 23-01-2026ರಂದು ತಿಳಿಸಿದೆ. ತಾವು 27-01-2026ರಂದು ತಿದ್ದುಪಡಿ ಅರ್ಜಿ ಸಲ್ಲಿಸಿದ್ದೀರಿ. ತಿದ್ದಿದ ಖಾತಾ ಬಂದ ಮೇಲೆ ಬ್ಯಾಂಕು ಸಾಲದ ಹಣ ಬಿಡುಗಡೆ ಮಾಡುತ್ತದೆ.
>
> 4. ಆದ್ದರಿಂದ ನೋಂದಣಿಯ ಕೊನೆಯ ದಿನವನ್ನು 06-03-2026ರವರೆಗೆ ವಿಸ್ತರಿಸಿಕೊಡಬೇಕೆಂದು ವಿನಂತಿಸುತ್ತೇನೆ. ಅದಕ್ಕೂ ಮುಂಚೆ ಕಾಗದಗಳು ಸಿದ್ಧವಾದರೆ ಮುಂಚೆಯೇ ನೋಂದಣಿ ಮಾಡಿಸಿಕೊಳ್ಳುತ್ತೇನೆ.
>
> 5. ಕರಾರಿನ ……ನೇ ಷರತ್ತಿನಂತೆ 11-02-2026ರಿಂದ ನೋಂದಣಿಯ ದಿನದವರೆಗೆ, ಬಾಕಿ ₹20,00,000ದ ಮೇಲೆ ಮಾತ್ರ, ವಾರ್ಷಿಕ ಶೇ 12ರ ಸರಳ ಬಡ್ಡಿಯನ್ನು (ದಿನಕ್ಕೆ ₹657.53) ಕೊಡುತ್ತೇನೆ. ವಿಸ್ತರಿಸಿದ ಅವಧಿಗೆ ಇದು ₹15,781 ಮೀರುವುದಿಲ್ಲ. ಬೇರೆ ದಂಡ ಇರುವುದಿಲ್ಲ.
>
> 6. 06-03-2026ರವರೆಗೆ ಈ ವಿಳಂಬದ ಕಾರಣಕ್ಕೆ ಮುಂಗಡ ಮುಟ್ಟುಗೋಲು ಅಥವಾ ಕರಾರು ರದ್ದತಿ ಇರುವುದಿಲ್ಲ. ಆ ದಿನದ ನಂತರ ಮೂಲ ಕರಾರಿನ ಷರತ್ತುಗಳು ಅನ್ವಯಿಸುತ್ತವೆ. ಈ ಅವಧಿಯಲ್ಲಿ ಸರ್ಕಾರಿ ಶುಲ್ಕ ಹೆಚ್ಚಾದರೆ ನಾನು ಭರಿಸುತ್ತೇನೆ. ಉಳಿದ ಎಲ್ಲ ಷರತ್ತುಗಳು ಇದ್ದಂತೆಯೇ ಮುಂದುವರಿಯುತ್ತವೆ.
>
> ತಮ್ಮ ವಿಶ್ವಾಸಿ,
> (ಸಹಿ)
>
> ಒಪ್ಪಿಗೆ: ಮೇಲಿನ 1ರಿಂದ 6ರವರೆಗಿನ ಅಂಶಗಳನ್ನು ಓದಿ ತಿಳಿದುಕೊಂಡು, ನೋಂದಣಿಯ ಕೊನೆಯ ದಿನವನ್ನು 06-03-2026ರವರೆಗೆ ವಿಸ್ತರಿಸಲು ನಾನು/ನಾವು ಒಪ್ಪಿದ್ದೇನೆ/ಒಪ್ಪಿದ್ದೇವೆ.
>
> ಮಾರಾಟಗಾರ(ರ) ಸಹಿ, ಹೆಸರು, ದಿನಾಂಕ
> ಸಾಕ್ಷಿ 1: …… ಸಾಕ್ಷಿ 2: ……

5ನೇ ಅಂಶದ "ಮಾತ್ರ" ಎಂಬ ಪದವನ್ನು ಬಿಡಬೇಡಿ. ಮಾರಾಟಗಾರರಿಗೆ ಕನ್ನಡ ಓದಲು ಬಾರದಿದ್ದರೆ ಉರ್ದು, ಮರಾಠಿ ಅಥವಾ ತೆಲುಗಿನಲ್ಲಿ ಓದಿ ಹೇಳಿದವರ ಹೆಸರು, ಸಹಿ ಒಪ್ಪಿಗೆಯ ಕೆಳಗೆ ಬರಲಿ. ಹೆಬ್ಬೆಟ್ಟಾದರೆ ಸಾಕ್ಷಿಗಳು ಇರಲೇಬೇಕು.

## ಹಂತ 6: ತಲುಪಿಸುವುದು, ಸಹಿ ಪಡೆಯುವುದು

ಗಡುವಿಗೆ ಕನಿಷ್ಠ 10 ದಿನ ಇರುವಾಗಲೇ ಕೊಡಿ. ಮೊದಲು ಫೋನು, ಆಮೇಲೆ ಕಾಗದ. ಮಾಲೀಕರು ಹಿರಿಯರಾಗಿದ್ದರೆ "ಕಾಕಾರ, ರಜಿಸ್ಟ್ರಿ ತಾರೀಖಿನ ಕಾಗದ ತಂದೀನ್ರಿ, ಓದಿ ನೋಡಿ ಸಹಿ ಹಾಕಿ ಕೊಡ್ರಿ" ಎಂದರೆ ಮುಗಿಯಿತು. "ಏ, ಸಹಿ ಯಾಕ್ರಿ, ಆಗ್ತದ ಬಿಡ್ರಿ" ಎಂಬ ಉತ್ತರ ಬಂದರೆ ಅದನ್ನು ಒಪ್ಪಿಗೆ ಎಂದು ತಿಳಿಯಬೇಡಿ. "ಬ್ಯಾಂಕಿನವ್ರು ಕೇಳ್ತಾರ್ರಿ" ಎಂದು ಹೇಳಿ ಪೆನ್ನು ಮುಂದಿಡಿ. ಸುಳ್ಳೂ ಅಲ್ಲ, ಸಾಲದ ಬ್ಯಾಂಕು ಅವಧಿ ಮೀರಿದ ಕರಾರು ಕಂಡರೆ ಪ್ರಶ್ನೆ ಎತ್ತುತ್ತದೆ.

ದಲ್ಲಾಳಿಯ ಕೈಯಲ್ಲಿ ಪತ್ರ ಕಳಿಸಿ ಸುಮ್ಮನಾಗಬೇಡಿ. ದಲ್ಲಾಳಿಯ ಮಾತಿನಿಂದ ಗಡುವು ವಿಸ್ತರಿಸುವುದಿಲ್ಲ.

ಸಹಿ ಸಿಗದಿದ್ದರೆ ಅದೇ ಪತ್ರವನ್ನು ಗಡುವಿಗೆ ಮುಂಚೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಹಳೆಯ ರಿಜಿಸ್ಟರ್ಡ್ ಪೋಸ್ಟು 2025ರಲ್ಲಿ ಅದರಲ್ಲೇ ಸೇರಿಕೊಂಡಿದೆ. ತಲುಪಿದ ದಾಖಲೆ ಕೇಳಿ ಪಡೆಯಿರಿ. ವಾಟ್ಸಾಪಿನಲ್ಲಿ ಪಿಡಿಎಫ್ ಹಾಕಿ, ಆ ಸಂಭಾಷಣೆ ಅಳಿಸಬೇಡಿ, ಫೋನೂ ಬದಲಿಸಬೇಡಿ. ಅವರು ಮೌನವಾಗಿದ್ದರೆ ಒಪ್ಪಿದರೆಂದು ಅರ್ಥವಲ್ಲ. ಹಳೆಯ ಗಡುವಿನ ದಿನವೇ ನಿಮ್ಮ ಗಡುವು ಎಂದುಕೊಂಡು, ಹಣ ಸಿದ್ಧವಿರುವ ದಾಖಲೆಯೊಂದಿಗೆ ಆ ದಿನಕ್ಕೂ ಮುಂಚೆ ವಕೀಲರ ಬಳಿ ಹೋಗಿ.

## ಎಲ್ಲಿ ಎಚ್ಚರಾಗಬೇಕು

"ಅಸಲು ಕರಾರು ತಂದುಕೊಡ್ರಿ, ಅದರ ಹಿಂದೆಯೇ ಬರೆದು ಕೊಡ್ತೀನಿ" ಎಂದರೆ ಅವರ ಮನೆಗೆ ಒಯ್ದರೂ ಕೈಬಿಡಬೇಡಿ. ನಿಮ್ಮ ಎದುರಿಗೇ ಬರೆದು ಸಹಿ ಮಾಡಲಿ. ಬೆಳಿಗ್ಗೆ ಕೊಡ್ತೀನಿ ಎಂದು ಇಟ್ಟುಕೊಂಡರೆ ನಿಮ್ಮ ಕೈಯಲ್ಲಿ ಉಳಿಯುವುದು ನಕಲು ಪ್ರತಿ.

ಬಡ್ಡಿ ಬೇಡ, ಬೆಲೆಯನ್ನೇ ಒಂದು ಲಕ್ಷ ಏರಿಸಿ ಎಂದರೆ ಅದು ವಿಸ್ತರಣೆಯಲ್ಲ, ಹೊಸ ವ್ಯವಹಾರ. ಕೇಳದೆಯೇ ಬಯಾನಾದ ಹಣ ನಿಮ್ಮ ಖಾತೆಗೆ ವಾಪಸು ಬಂದರೆ ಬೇರೆ ಗಿರಾಕಿ ಬಂದಿರುವ ಸಂಭವ ಹೆಚ್ಚು. ಆ ಹಣ ಮುಟ್ಟದೆ, ಇದನ್ನು ಒಪ್ಪಿಲ್ಲ, ಕರಾರು ಜಾರಿಯಲ್ಲಿದೆ ಎಂದು ಅದೇ ದಿನ ಬರೆದು ಕಳಿಸಿ. ಋಣಭಾರ ಪತ್ರವನ್ನು ವಿಸ್ತರಣೆಗೆ ಸಹಿಯಾದ ವಾರ ಒಮ್ಮೆ, ಡಿಡಿ ಮಾಡಿಸುವ ಹಿಂದಿನ ದಿನ ಇನ್ನೊಮ್ಮೆ ತೆಗೆದು ನೋಡಿ.

## ಹಂತ 7: ರಜಿಸ್ಟ್ರಿಯ ದಿನ

ಮಾರ್ಚ್ 6ರವರೆಗೆ ಕಾಯದೆ ಮಾರ್ಚ್ 2ಕ್ಕೇ ಸ್ಲಾಟ್ ಸಿಕ್ಕಿತು ಎನ್ನೋಣ. ಆಗ ದಿನಗಳು 20, ಬಡ್ಡಿ 13,151. ಇದನ್ನು ಬೆಲೆಯ ಡಿಡಿಯಲ್ಲಿ ಸೇರಿಸಬೇಡಿ, ಕ್ರಯಪತ್ರದ ಬೆಲೆಯಲ್ಲೂ ಕೂಡಿಸಬೇಡಿ. ಬೆಲೆ ಏರಿದಂತೆ ಕಂಡರೆ ಮುದ್ರಾಂಕವೂ ಅದರ ಮೇಲೆ ಬೀಳುತ್ತದೆ. ಖಾತೆಗೆ ಬೇರೆಯಾಗಿ ಹಾಕಿ, "28-01-2026ರ ಪತ್ರದಂತೆ ವಿಳಂಬ ಬಡ್ಡಿ ಪೂರ್ತಿ ಸಂದಿದೆ, ಬೇರೆ ಬಾಕಿ ಇಲ್ಲ" ಎಂಬ ರಸೀದಿಗೆ 1 ರೂಪಾಯಿಯ ರೆವೆನ್ಯೂ ಸ್ಟಾಂಪು ಹಚ್ಚಿಸಿ ಸಹಿ ಪಡೆಯಿರಿ. ಈ ರಸೀದಿ ಕೈಗೆ ಬಂದ ಮೇಲೆ ಒಳಗೆ ಹೋಗಿ ಹೆಬ್ಬೆರಳು ಒತ್ತಿ. ಒತ್ತಿ ಹೊರಬಂದ ಮೇಲೆ ರಸೀದಿ ಕೇಳಿದರೆ ಅಷ್ಟೊತ್ತಿಗೆ ಎಲ್ಲರೂ ಊಟಕ್ಕೆ ಹೊರಟಿರುತ್ತಾರೆ.